ಉಜ್ಜಿನಮ್ಮ ಹೇಳದೆ ಬಿಟ್ಟ ಮಾತು

ಗುಮ್ಮಘಟ್ಟ ಕಡೆಯ ಉಜ್ಜಿನಮ್ಮನಿಗೆ ಓದಲು ಬರುವುದಿಲ್ಲ. ಆದರೂ ಇನ್‌ಸ್ಟಾಗ್ರಾಂನಲ್ಲಿ ಎಂಬತ್ತು ಸಾವಿರ ಜನ ಆಕೆಯನ್ನು ಫಾಲೋ ಮಾಡುತ್ತಾರೆ. ಮರಿ ಹಾಲು ಕುಡಿಯದಿದ್ದರೆ ಏನು ಮಾಡಬೇಕು, ಕಾಲಿನ ಗೊರಸು ಬಿರುಕು ಬಿಟ್ಟರೆ ಹೇಗೆ ನೋಡಿಕೊಳ್ಳಬೇಕು, ಸಂತೆಯಲ್ಲಿ ಟಗರಿನ ಹಲ್ಲು ನೋಡಿ ವಯಸ್ಸು ಹೇಳುವುದು ಹೇಗೆ ಎಂದು ಆಕೆ ರೊಪ್ಪದಲ್ಲಿ ಕುರಿಗಳ ನಡುವೆ ಕೂತೇ ಹೇಳುತ್ತಾಳೆ. ಫೋನ್ ಹಿಡಿದು ಚಿತ್ರ ತೆಗೆಯುವುದು, ಅದನ್ನು ಹಾಕುವುದು ಸೊಸೆ ಸಂಧ್ಯಾ. ರಾಯದುರ್ಗದಲ್ಲಿ ಡಿಗ್ರಿ ಓದಿದವಳು.

ಜನ ಆಕೆಯನ್ನು ನಂಬಿದ್ದಕ್ಕೆ ಒಂದು ಕಾರಣವಿತ್ತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಿದ್ದಳು. ಒಮ್ಮೆ ಮೊಳಕಾಲ್ಮೂರು ಕಡೆಯ ಯಾರೋ ಕುರಿಯ ಕಣ್ಣಿನ ಪೊರೆ ಬಗ್ಗೆ ಕೇಳಿದಾಗ, "ಅದು ನನಗ ತಿಳೀದ್ರಿ, ದನದ ಡಾಕ್ಟ್ರ ಹತ್ರ ಹೋಗ್ರಿ, ನನ್ನ ಮಾತ ಕೇಳಿ ಕುರಿ ಕಣ್ಣು ಕಳೀಬ್ಯಾಡ್ರಿ" ಎಂದಿದ್ದಳು. ಆ ವಿಡಿಯೋವನ್ನೇ ಎರಡು ಲಕ್ಷ ಜನ ನೋಡಿದ್ದರು.

ಹೋದ ವರ್ಷ ಚಳಿಗಾಲದಲ್ಲಿ ಹೈದರಾಬಾದಿನಿಂದ ನರೇಶ್ ಎಂಬುವವನು ಫೋನ್ ಮಾಡಿದ. ಕಂಪನಿಗಳಿಗೂ ವಿಡಿಯೋ ಮಾಡುವವರಿಗೂ ನಡುವೆ ನಿಂತು ಕೆಲಸ ಕೊಡಿಸುವ ಏಜೆನ್ಸಿಯವನು. "ಮರಿಬಲ" ಎಂಬ ಟಾನಿಕ್ ಬಗ್ಗೆ ಒಂದು ರೀಲ್ ಮಾಡಿದರೆ ಹದಿನೈದು ಸಾವಿರ, ಜೊತೆಗೆ ಎರಡು ಬಾಟಲಿ ಉಚಿತ ಎಂದ. ರೊಪ್ಪದ ಮೇಲಿನ ತಗಡು ಗಾಳಿಗೆ ಹಾರಿಹೋಗಿ ಎರಡು ತಿಂಗಳಾಗಿತ್ತು. ಅತ್ತೆ ಸೊಸೆ ಇಬ್ಬರೂ ಒಪ್ಪಿದರು; ಅವನು ಕಳಿಸಿದ ಒಪ್ಪಂದಕ್ಕೆ ಸಂಧ್ಯಾ ಸೈನ್ ಮಾಡಿದಳು.

ರೀಲ್ ಮಾಡಿ ಹಾಕುವ ದಿನ ಸಂಧ್ಯಾ ಅವನನ್ನು ಕೇಳಿದಳು: "ಸರ್, ಪೇಯ್ಡ್ ಪಾರ್ಟ್ನರ್‌ಶಿಪ್ ಅಂತ, ಅಂದ್ರ ರೊಕ್ಕ ತಗೊಂಡು ಮಾಡಿದ್ದು ಅಂತ ಲೇಬಲ್ ಹಾಕಬೇಕಲ್ರಿ?"

"ಅದೆಲ್ಲಾ ದೊಡ್ಡ ಸ್ಟಾರ್‌ಗಳಿಗಮ್ಮಾ. ಲೇಬಲ್ ಹಾಕಿದ್ರೆ ರೀಚ್ ಬೀಳುತ್ತೆ, ನೋಡೋರು ಕಮ್ಮಿ ಆಗ್ತಾರೆ, ಕಂಪನಿಗೆ ಇಷ್ಟ ಆಗಲ್ಲ. ಹ್ಯಾಶ್‌ಟ್ಯಾಗ್‌ಗಳ ಕೊನೆಯಲ್ಲಿ ಕೊಲ್ಯಾಬ್ ಅಂತ ಒಂದು ಸೇರಿಸಿಬಿಡಿ, ಸಾಕು."

ಉಜ್ಜಿನಮ್ಮನಿಗೆ ಬೇರೆಯೇ ತಕರಾರು. "ಇದು ಬಂದು ಎಂಟ ದಿನ ಆತು. ನಮ್ಮ ಮರಿಗೆಲ್ಲಾ ಇದನ್ನ ಹಾಕತೀವಿ, ತಿಂಗಳದಾಗ ಮೈ ತುಂಬತಾವು ಅಂತ ಹೆಂಗ ಹೇಳ್ಲಿ?"

"ಸ್ಕ್ರಿಪ್ಟ್‌ನಲ್ಲಿ ಹಾಗೇ ಇದೆ ಅಮ್ಮಾ. ನಿಮ್ಮ ಮಾತಿನಲ್ಲೇ ಹೇಳಿ, ಚೆಂದ ಇರುತ್ತೆ."

ಉಜ್ಜಿನಮ್ಮ ಹೇಳಿದಳು. ಸಂಧ್ಯಾ ಇಪ್ಪತ್ತಾರು ಹ್ಯಾಶ್‌ಟ್ಯಾಗ್‌ಗಳ ಕೆಳಗೆ ಆ ಒಂದು ಪದ ಸೇರಿಸಿದಳು. 'ಇನ್ನಷ್ಟು' ಎಂಬುದನ್ನು ಒತ್ತಿ, ತುದಿಯವರೆಗೆ ಓದಿದವರಿಗೆ ಮಾತ್ರ ಅದು ಕಾಣುತ್ತಿತ್ತು. ರೀಲ್ ನಾಲ್ಕು ಲಕ್ಷ ದಾಟಿತು. ಹಣ ಬಂತು, ತಗಡು ಬಂತು.

ಒಂದೂವರೆ ತಿಂಗಳ ಮೇಲೆ ಹಂಪಕ್ಕ ಬಂದಳು. ಪಕ್ಕದೂರಿನ ವಿಧವೆ, ಉಜ್ಜಿನಮ್ಮನ ಓರಗೆಯವಳು. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಹಿಂಡು ಕಾಯ್ದವರು. ಬಂದವಳು ಕಟ್ಟೆಯ ಮೇಲೆ ಕೂರಲಿಲ್ಲ.

"ಉಜ್ಜಿನಕ್ಕ, ಮೂರು ಮರಿ ಹೋದವು."

"ಏನಾಗಿತ್ತವ್ವಾ?"

"ಸೊರಗತಿದ್ದವು. ಡಾಕ್ಟ್ರನ್ನ ಕರೀಬೇಕು ಅಂತಿದ್ದೆ. ನಿನ್ನ ವಿಡಿಯೋ ನೋಡಿ ಟಾನಿಕ್ ತಂದೆ. ಉಜ್ಜಿನಕ್ಕ ಹೇಳ್ಯಾಳ, ತಿಂಗಳ ಕಾಯೋಣು ಅಂತ ಕಾದೆ. ಕಡೀಗೆ ಡಾಕ್ಟ್ರು ಬಂದು, ಹೊಟ್ಯಾಗ ಹುಳ ಆಗ್ಯಾವು, ಮೊದಲೇ ಹುಳದ ಔಷಧಿ ಹಾಕಿದ್ರ ಉಳಿತಿದ್ದವು ಅಂದ್ರು."

ಹಂಪಕ್ಕನೇ ಮುಂದುವರಿಸಿ ಕೇಳಿದಳು: "ನಮ್ಮ ಅಣ್ಣನ ಮಗ ಅಂತಾನ, ಇದಕ್ಕ ಕಂಪ್ನ್ಯಾರು ರೊಕ್ಕ ಕೊಡತಾರಂತ. ನಿನಗೂ ಕೊಟ್ಟಾರೇನು?"

ಒಳಗಿನಿಂದ ಸಂಧ್ಯಾ ಬಾಗಿಲಿಗೆ ಬಂದು ನಿಂತಿದ್ದಳು. ಅತ್ತೆ ಅವಳತ್ತ ನೋಡಲಿಲ್ಲ.

"ಕೊಟ್ಟಾರ ಹಂಪಕ್ಕ."

"ಅದನ್ನ ಒಂದ ಮಾತ ಹೇಳಿದ್ರ ಆಗತಿತ್ತಲ್ಲ. ಓಹೋ ಇದು ಜಾಹೀರಾತು ಅಂತ ತಿಳಕೊಂಡು ಡಾಕ್ಟ್ರನ್ನೂ ಕೇಳತಿದ್ದೆ. ನೀನು ನಿನ್ನ ಮರಿ ಬಗ್ಗೆ ಹೇಳಾಕ ಹತ್ತೀ ಅಂತ ನಂಬಿದೆ."

ಬೈಯಲಿಲ್ಲ, ಅಳಲಿಲ್ಲ. ಕೊಟ್ಟ ನೀರನ್ನು ಮಾತ್ರ ಕುಡಿಯದೆ ಹೋದಳು. ಅವತ್ತು ಉಜ್ಜಿನಮ್ಮ ಊಟ ಬಿಟ್ಟಳು. ಮರುದಿನ ಒಂದು ಹೆಣ್ಣುಮರಿ ಎತ್ತಿಕೊಂಡು ಹಂಪಕ್ಕನ ಮನೆಗೆ ಹೋದಳು. ಹಂಪಕ್ಕ ಮರಿಯನ್ನು ಮುಟ್ಟಿ ನೋಡಿ, ವಾಪಸ್ ಕೊಟ್ಟು ಕಳಿಸಿದಳು.

ಅದೇ ವಾರ ಒಂದು ಈಮೇಲ್ ಬಂತು. ಜಾಹೀರಾತುಗಳ ಮೇಲೆ ಬರುವ ದೂರು ನೋಡುವ ಸಂಸ್ಥೆಯದು. ನಿಮ್ಮ ಪೋಸ್ಟ್ ಜಾಹೀರಾತಿನಂತೆ ಕಾಣುತ್ತದೆ, ಆದರೆ ಹಾಗೆಂದು ಎಲ್ಲೂ ಸ್ಪಷ್ಟವಾಗಿ ಹೇಳಿಲ್ಲ, ಉತ್ತರ ಕೊಡಿ ಇಲ್ಲವೇ ಸರಿಪಡಿಸಿ ಎಂದಿತ್ತು. ಸಂಧ್ಯಾ ಮಧ್ಯಾಹ್ನವೆಲ್ಲ ಕೂತು ನಿಯಮಗಳನ್ನು ಓದಿದಳು, ಓದಿದ್ದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದಳು.

"ರೊಕ್ಕ ಅಷ್ಟ ಅಲ್ಲ ಅತ್ತಿ, ಉಚಿತವಾಗಿ ಕೊಟ್ಟ ಬಾಟ್ಲಿ ಇದ್ರೂ ಹೇಳಬೇಕಂತ. ಹ್ಯಾಶ್‌ಟ್ಯಾಗ್ ರಾಶಿಯೊಳಗ ಮುಚ್ಚಿಡಬಾರ್ದಂತ, ಎಲ್ಲಾರ ಕಣ್ಣಿಗೆ ಬೀಳೋ ಹಂಗ ಇರಬೇಕಂತ. ಮಾತಾಡೋ ಭಾಷೆಯಾಗೇ ಇರಬೇಕಂತ. ತಾವು ಬಳಸಿ ನೋಡದ ವಸ್ತುನ ಬಳಸೀವಿ ಅಂತ ಹೇಳೋದೂ ತಪ್ಪಂತ."

"ದೊಡ್ಡೋರಿಗೆ ಅಷ್ಟ ಅಂದಿದ್ನಲ್ಲ ಅವನು?"

"ಯಾರಿಗಾದ್ರೂ ಸೈ. ಇದರ ಮ್ಯಾಲೆ ಸರ್ಕಾರದ ಕಾನೂನು ಬ್ಯಾರೆ ಐತಿ. ತಪ್ಪು ದಾರಿಗೆ ಎಳೆಯೋ ಜಾಹೀರಾತು ಅಂತ ಆದ್ರ ಹತ್ತು ಲಕ್ಷದ ತನಕ ದಂಡ ಹಾಕಬಹುದಂತ."

ಹತ್ತು ಲಕ್ಷ ಎಂದಾಗ ಉಜ್ಜಿನಮ್ಮ ಬೆಚ್ಚಲಿಲ್ಲ. ಅವಳು ಬೇರೆ ಏನನ್ನೋ ಯೋಚಿಸುತ್ತಿದ್ದಳು. "ಆ ಲೇಬಲ್ನ ಈಗ ಹಾಕಾಕ ಬರತತೇನು?"

ಬರುತ್ತಿತ್ತು. ಪೋಸ್ಟಿನ ಎಡಿಟ್‌ಗೆ ಹೋಗಿ ಸಂಧ್ಯಾ ಪೇಯ್ಡ್ ಪಾರ್ಟ್ನರ್‌ಶಿಪ್ ಲೇಬಲ್ ಆನ್ ಮಾಡಿದಳು, ಕಂಪನಿಯ ಹೆಸರು ಸೇರಿಸಿದಳು. ಆ ಕಂಪನಿ ತನ್ನ ಹೆಸರು ಬಳಸಲು ಮೊದಲು ಒಪ್ಪಿಗೆ ಬೇಕು ಎಂದು ಇಟ್ಟುಕೊಂಡಿತ್ತು. ಕೋರಿಕೆ ಹೋಯಿತು, ಒಪ್ಪಿಗೆ ಬರಲಿಲ್ಲ. ಎರಡು ದಿನ ಕಾದು, ಹೆಸರಿಲ್ಲದೆ ಬರೀ ಲೇಬಲ್ ಉಳಿಸಿದಳು. ಕ್ಯಾಪ್ಷನ್ನಿನ ಮೊದಲ ಸಾಲಿನಲ್ಲಿ 'ಇದು ಹಣ ಪಡೆದು ಮಾಡಿದ ಜಾಹೀರಾತು' ಎಂದು ಬರೆದು ಕಂಪನಿಯ ಹೆಸರನ್ನೂ ಹಾಕಿದಳು. ಫೋನನ್ನು ಅತ್ತೆಯ ಮುಂದೆ ಹಿಡಿದಳು.

"ಎಲ್ಲೈತಿ?"

"ಇಗೋ, ನಮ್ಮ ಪೇಜಿನ ಹೆಸರಿನ ಹತ್ರ, ಸಣ್ಣಗ ಇಂಗ್ಲೀಷಿನ್ಯಾಗ ಐತಿ. ಕೆಳಗ ಕನ್ನಡ ಐತಿ."

ಉಜ್ಜಿನಮ್ಮ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. "ನನಗ ಎರಡೂ ಒಂದ. ಹಂಪಕ್ಕಗೂ ಅಷ್ಟ. ನಮ್ಮಂಥೋರಿಗೆ ಬಾಯಿಲೆ ಹೇಳಬೇಕವ್ವಾ."

"ನಿಯಮದಾಗೂ ಹಂಗ ಐತಿ ಅತ್ತಿ. ವಿಡಿಯೋದಾಗ ಬರೆದೂ ತೋರಿಸಬೇಕು, ಬಾಯಿಲೂ ಹೇಳಬೇಕು. ಆದ್ರ ಹಾಕಿದ ವಿಡಿಯೋದ ಒಳಗ ಈಗ ಏನೂ ಸೇರ್ಸಾಕ ಬರಲ್ಲ. ತೆಗೆದುಬಿಟ್ಟು ಹೊಸದು ಹಾಕಬೇಕು."

"ಹಂಗಾದ್ರ ತೆಗಿ."

ತೆಗೆದರು. ಗಂಟೆಯೊಳಗೆ ನರೇಶ್ ಫೋನ್ ಮಾಡಿದ. ಅವನ ದನಿ ಮೊದಲಿನ ಹಾಗಿರಲಿಲ್ಲ. "ತೊಂಬತ್ತು ದಿನ ಇರಬೇಕು ಅಂತ ಒಪ್ಪಂದದಲ್ಲಿ ಸೈನ್ ಮಾಡಿದ್ದೀರಿ. ನೀವು ತೆಗೆದರೂ ಕಂಪನಿ ಹತ್ರ ವಿಡಿಯೋ ಇದೆ. ಒಂದು ವರ್ಷ ಬಳಸೋ ಹಕ್ಕು ಕೊಟ್ಟಿದ್ದೀರಿ, ನೋಡಿಕೊಳ್ಳಿ."

"ಲೇಬಲ್ ಬ್ಯಾಡ ಅಂದೋರು ನೀವಲ್ರಿ ಸರ್?"

"ನಾನು ಬರೆದು ಕೊಟ್ಟಿದ್ದೀನಾ?"

ಬರೆದು ಕೊಟ್ಟಿರಲಿಲ್ಲ. ಎಲ್ಲವನ್ನೂ ಫೋನಿನಲ್ಲಿ ಹೇಳಿದ್ದ. ಸಂಧ್ಯಾ ಒಪ್ಪಂದವನ್ನು ತೆಗೆದು ನೋಡಿದಳು. ಹನ್ನೊಂದು ಪುಟದಲ್ಲಿ ಎಲ್ಲೋ, ಅಗತ್ಯವಾದ ಘೋಷಣೆಗಳೆಲ್ಲ ವಿಡಿಯೋ ಮಾಡುವವರ ಜವಾಬ್ದಾರಿ ಎಂದು ಇತ್ತು. ಫೋನಿನಲ್ಲಿ ಬೆರಳಿನಿಂದ ಸೈನ್ ಮಾಡಿದ ದಿನ ಅವಳು ಅಷ್ಟು ದೂರ ಓದಿರಲಿಲ್ಲ.

ಉಜ್ಜಿನಮ್ಮ ಹೊಸ ವಿಡಿಯೋ ಮಾಡಿದಳು. ಮೊದಲ ಮಾತಿಗೇ, "ಟಾನಿಕ್ ಬಗ್ಗೆ ನಾನು ಹೇಳಿದ್ದು ರೊಕ್ಕ ತಗೊಂಡು ಹೇಳಿದ್ದು. ಎಂಟ ದಿನ ಹಾಕಿ ತಿಂಗಳ ಅಂದೆ. ಮರಿ ಸೊರಗಿದ್ರ ಡಾಕ್ಟ್ರಿಗೆ ತೋರಸ್ರಿ. ತಪ್ಪಾತು" ಎಂದಳು. ದೂರು ನೋಡುವ ಸಂಸ್ಥೆಗೆ ಸಂಧ್ಯಾ ನಡೆದದ್ದನ್ನೆಲ್ಲ ಬರೆದಳು. ಪೋಸ್ಟ್ ತೆಗೆದಿದ್ದರಿಂದ ದೂರು ಮುಗಿಯಿತು ಎಂದು ಉತ್ತರ ಬಂತು. ಮನೆಯಲ್ಲಿ ಮಾತ್ರ ಏನೂ ಮುಗಿದಂತೆ ಅನಿಸಲಿಲ್ಲ. ತಪ್ಪಾಯಿತು ಎಂದ ವಿಡಿಯೋವನ್ನು ಆರು ಸಾವಿರ ಜನ ನೋಡಿದರು. ಹಳೆಯದು ವಾಟ್ಸಾಪಿನ ಕುರಿ ಗುಂಪುಗಳಲ್ಲಿ ಓಡಾಡುತ್ತಲೇ ಇತ್ತು. ಯಾರೋ ಇಳಿಸಿಕೊಂಡ ಆ ವಿಡಿಯೋಗೆ ಲೇಬಲ್ಲೂ ಇಲ್ಲ, ಕ್ಯಾಪ್ಷನ್ನೂ ಇಲ್ಲ, ಉಜ್ಜಿನಮ್ಮನ ಮುಖ ಮತ್ತು ದನಿ ಮಾತ್ರ. ಇವತ್ತು ಒಂದು ಗುಂಪಿನಲ್ಲಿ ಸಂಧ್ಯಾ ಅದು ಜಾಹೀರಾತು ಎಂದು ಬರೆದರೆ ನಾಳೆ ಇನ್ನೊಂದರಲ್ಲಿ ಕಾಣುತ್ತಿತ್ತು.

ಬೇಸಿಗೆಯಲ್ಲಿ ಉಜ್ಜಿನಮ್ಮ ಅಮರಾಪುರದ ನೆಂಟರ ಮದುವೆಗೆ ಹೋದಳು. ಬರುವಾಗ ಮಡಕಶಿರಾದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ತನ್ನದೇ ದನಿ ಕೇಳಿಸಿತು. ಎದುರಿನ ದನದ ಔಷಧಿ ಅಂಗಡಿಯ ಟಿವಿಯಲ್ಲಿ ಅವಳು ಬಾಟಲಿ ಹಿಡಿದು ಕೂತಿದ್ದಳು. "ನಮ್ಮ ಮರಿಗೆಲ್ಲಾ ಇದನ್ನ ಹಾಕತೀವ್ರಿ." ಮುಗಿದ ಕೂಡಲೇ ಮತ್ತೆ ಮೊದಲಿನಿಂದ.

ರಸ್ತೆ ದಾಟಿ ಅಂಗಡಿಗೆ ಹೋದಳು. ಅಂಗಡಿಯವನು ಕದಿರಪ್ಪ. ಗುರುತು ಹಿಡಿದು ಎದ್ದು ನಿಂತ.

"ಅಯ್ಯೋ, ನೀವೇ ಅಲ್ವೇನಮ್ಮಾ! ಬನ್ನಿ ಬನ್ನಿ, ಕೂತ್ಕಳಿ."

"ಅಪ್ಪಾ, ಅದನ್ನ ಬಂದ್ ಮಾಡ್ರಿ."

"ಯಾಕಮ್ಮಾ?"

"ಅದು ರೊಕ್ಕ ತಗೊಂಡು ಹೇಳಿದ್ದು. ನಾನು ಆಮ್ಯಾಲೆ ತಪ್ಪಾತು ಅಂತ ಹೇಳೀನಿ. ನೀವು ನೋಡಿಲ್ಲೇನ್ರಿ?"

"ಅದು ನಮಗೆ ಬಂದಿಲ್ಲ. ಕಂಪನಿಯೋರು ಪೆನ್‌ಡ್ರೈವಲ್ಲಿ ಇದನ್ನೇ ಕೊಟ್ಟವ್ರೆ, ದಿನಾ ಹಾಕ್ಬೇಕು ಅಂತವ್ರೆ. ನಾನು ನಿಲ್ಸಿದ್ರೆ ಮಾಲು ನಿಲ್ಲಿಸ್ತಾರೆ. ನೀವು ಅವ್ರಿಗೇ ಹೇಳ್ಬೇಕಮ್ಮಾ."

"ಅವ್ರಿಗೆ ಹೇಳಿದ್ದಾತು, ಕಾಗದಾನೂ ಬರೆದಿದ್ದಾತು. ಉತ್ತರ ಇಲ್ಲ."

ಕದಿರಪ್ಪ ನಿಜವಾಗಿಯೂ ಮರುಗಿದ. ಟಿವಿಯ ದನಿಯನ್ನು ಸ್ವಲ್ಪ ಕಡಿಮೆ ಮಾಡಿದ, ಅಷ್ಟೇ. ಅಷ್ಟರಲ್ಲಿ ಹೇಮಾವತಿ ಕಡೆಯ ರೈತನೊಬ್ಬ ಬಂದು ಟಿವಿ ನೋಡಿದ, ಅವಳನ್ನು ನೋಡಿದ, ಮುಖ ಅರಳಿಸಿದ. "ಕುರಿ ಅಮ್ಮ! ನಿಮ್ ಮಾತ್ ಕೇಳೇ ಬಂದಿದ್ದು ಕಣಮ್ಮಾ. ಒಂದ್ ಬಾಟ್ಲಿ ಕೊಡಪ್ಪಾ."

"ಬ್ಯಾಡಪ್ಪಾ," ಎಂದಳು ಉಜ್ಜಿನಮ್ಮ. "ಅದು ಜಾಹೀರಾತು. ನನಗ ರೊಕ್ಕ ಕೊಟ್ಟು ಹೇಳಿಸ್ಯಾರ. ನಿನ್ನ ಮರಿಗೆ ಏನಾಗೈತಿ, ಮೊದಲು ಡಾಕ್ಟ್ರಿಗೆ ತೋರ್ಸು."

ಆತ ನಕ್ಕ. "ನೋಡು ಕದಿರಪ್ಪಾ, ಎಂಥಾ ದೊಡ್ಡ್ ಮನ್ಸು! ತಮ್ ಮಾಲ್ನೇ ಬ್ಯಾಡ ಅಂತವ್ರೆ. ಇಂಥೋರ್ ಮಾತ್ ನಂಬ್ದೆ ಇನ್ಯಾರ್ ಮಾತ್ ನಂಬಾದು?" ಬಾಟಲಿ ಚೀಲಕ್ಕೆ ಹಾಕಿಕೊಂಡು, ಅವಳ ಪಕ್ಕಕ್ಕೆ ಬಂದು ಫೋನ್ ಎತ್ತಿ ಹಿಡಿದ. ಅವಳು ಇನ್ನೊಮ್ಮೆ ಹೇಳಲು ಬಾಯಿ ತೆರೆದಾಗ ಫೋಟೋ ಆಗಿತ್ತು.