ಐದನೇ ವಾರದ ಚೌಕ

ಮನೆಯಲ್ಲಿ ಅವಳ ಹೆಸರು ತಕರಾರು. ನಿಜವಾದ ಹೆಸರು ಮತದಾರರ ಪಟ್ಟಿಗೆ ಮಾತ್ರ ಗೊತ್ತು. ನಲವತ್ತು ದಾಟಿದರೂ ಎದುರು ಮಾತಾಡುವ ಚಾಳಿ ಬಿಟ್ಟಿರಲಿಲ್ಲ, ಬಿಡುವ ಯೋಚನೆಯೂ ಇರಲಿಲ್ಲ. ಸೋದರಮಾವನ ಶ್ರವಣಯಂತ್ರದ ಅಂಗಡಿಯಲ್ಲಿ ಮುಂದಿನ ಮೇಜು ಅವಳದು. ಫೋನು ಎತ್ತುವುದು, ಬ್ಯಾಟರಿ ಬದಲಿಸುವುದು, ಸಿಡುಕುವ ಗಿರಾಕಿಗಳನ್ನು ಸಮಾಧಾನ ಮಾಡುವುದು ಎಲ್ಲವೂ ಅವಳ ತಲೆಗೇ.

ಮಾವನಿಗೆ ಬ್ಲಾಗಿನ ಹುಚ್ಚು ಹಿಡಿದಾಗ ಅದೂ ಅವಳ ತಲೆಗೇ ಬಂತು.

"ದಿನಾ ಒಂದು ಲೇಖನ ಬರ್ಬೇಕು. ಮೂರು ತಿಂಗಳದ್ದು ಈಗಲೇ ಪ್ಲ್ಯಾನ್ ಮಾಡು," ಎಂದರು.

"ಬರೆಯೋರು ಯಾರು ಮಾವ?"

"ಲೈಬ್ರರಿ ಮೇಡಂ ಇದ್ದಾರಲ್ಲ."

ಬರೆದುಕೊಡಲು ಒಪ್ಪಿದ್ದ ಲೈಬ್ರರಿ ಮೇಡಂ ಅಂಗಡಿಗೆ ಬರುತ್ತಿದ್ದುದು ವಾರಕ್ಕೆ ಎರಡೇ ಬೆಳಿಗ್ಗೆ. ಉಳಿದ ಹೊತ್ತು ಅವರಿಗೆ ಲೈಬ್ರರಿಯ ಕೆಲಸ. ಒಂದು ಬೆಳಿಗ್ಗೆ ವಿಷಯ ಕಲೆಹಾಕಲು, ಇನ್ನೊಂದು ಬರೆಯಲು. ಆಮೇಲೆ ಕಿವಿ ಪರೀಕ್ಷೆ ಮಾಡುವ ಡಾಕ್ಟರು ಓದಿ ತಪ್ಪು ತಿದ್ದಬೇಕು. ಬರವಣಿಗೆ ಎಂದರೆ ನಲ್ಲಿ ತಿರುಗಿಸಿದರೆ ಸುರಿಯುವ ನೀರು ಎಂದುಕೊಂಡಿದ್ದ ಮಾವನಿಗೆ ಇದನ್ನೆಲ್ಲ ಹೇಳಿ ಅವಳ ಗಂಟಲು ಒಣಗಿತು. ಕೊನೆಗೆ ಹೇಳುವುದನ್ನು ಬಿಟ್ಟು ಕೆಲಸ ಶುರು ಮಾಡಿದಳು.

ಹಿಂದಿನ ಕೋಣೆಯಲ್ಲಿ, ಬ್ಯಾಟರಿ ಡಬ್ಬಗಳ ಮೇಲಿನ ಗೋಡೆಗೆ ದೊಡ್ಡ ಹಾಳೆ ಅಂಟಿಸಿದಳು. ಹದಿಮೂರು ವಾರ, ಹದಿಮೂರು ಚೌಕ. ವಾರಕ್ಕೆ ಒಂದೇ ಲೇಖನ. ಪ್ರತಿ ಚೌಕದಲ್ಲೂ ವಿಷಯ, ಯಾರು ಬರೆಯುತ್ತಾರೆ, ಯಾರು ನೋಡುತ್ತಾರೆ, ಯಾವತ್ತು ಪ್ರಕಟಣೆ. ಬ್ಲಾಗು ತೆರೆಯುವ ಮುಂಚೆಯೇ ಎರಡು ಲೇಖನ ಕೈಯಲ್ಲಿರಬೇಕು. ತಿಂಗಳ ಕೊನೆಯ ವಾರ ಖಾಲಿ. ಮೇಡಂಗೆ ಜ್ವರ ಬಂದರೆ ಇರಲಿ ಎಂದು, ಹಳೆಯದನ್ನು ತಿದ್ದಲು ಪುರುಸೊತ್ತು ಸಿಗಲಿ ಎಂದು. ವಿಷಯಗಳಿಗಾಗಿ ಅವಳು ತಲೆ ಕೆರೆದುಕೊಳ್ಳಲಿಲ್ಲ. ಮೇಜಿನ ಆಚೆ ನಿಂತು ಜನ ಕೇಳುವುದನ್ನೇ ಬರೆದಳು. ಬ್ಯಾಟರಿ ಯಾಕೆ ಬೇಗ ಮುಗಿಯುತ್ತೆ? ಒಂದೇ ಕಿವಿಗೆ ಹಾಕಿಕೊಂಡರೆ ಸಾಕಾ? ಕುಂಯ್ ಅಂತ ಯಾಕೆ ಕೂಗುತ್ತೆ?

ಹಾಳೆ ನೋಡಿದ ಮಾವನ ಮುಖ ಸಿಂಡರಿಸಿತು. "ಖಾಲಿ ಬಿಟ್ಟಿದ್ದೀಯಲ್ಲ, ಇದೇನು ಪಾರ್ಕಿಂಗ್ ಜಾಗನಾ?" ಎಂದವರೇ ಮೂರೂ ಖಾಲಿ ಚೌಕಗಳಿಗೆ ಚೀಟಿ ಅಂಟಿಸಿದರು. 'ನಮ್ಮ ಅಂಗಡಿಯ ಹಿರಿಮೆ', ಭಾಗ ಒಂದು, ಎರಡು, ಮೂರು. ತಕರಾರು ಮೂರರ ಕೆಳಗೂ 'ಬರೆಯುವವರು: ಮಾವ' ಎಂದು ಗೀಚಿದಳು. ಮಾರನೆಯ ದಿನ ಚೀಟಿಗಳು ಮಾಯವಾಗಿದ್ದವು.

ಆದರೆ ಐದನೇ ವಾರದ ಚೌಕದ ಮೇಲೆ ಕೆಂಪು ಗೀಟು ಬಿದ್ದಿತ್ತು. ಅಲ್ಲಿದ್ದ ಪ್ರಶ್ನೆ: 'ಮೆಷಿನ್ ಹಾಕಿಕೊಳ್ಳಲು ನಾಚಿಕೆ, ಏನು ಮಾಡಲಿ?'

"ಜನ ಹೆಚ್ಚು ಕೇಳೋದೇ ಇದು," ಎಂದಳು.

"ನಾಚಿಕೆ ಇಲ್ಲದೋರಿಗೂ ನಾವೇ ನೆನಪಿಸಿದ ಹಾಗಾಗುತ್ತೆ. ಬೇಡ ಅಂದ್ರೆ ಬೇಡ."

ಯಾಕೆ ಬೇಡ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಊರಿಗೆಲ್ಲ ಶ್ರವಣಯಂತ್ರ ಮಾರುವ ಮನುಷ್ಯನ ಮನೆಯಲ್ಲಿ ಟಿವಿ ಸದ್ದಿಗೆ ಕಿಟಕಿ ಗಾಜು ನಡುಗುತ್ತಿತ್ತು. ಕೇಳಿಸದಿದ್ದರೆ ಮಾವ ಮತ್ತೊಮ್ಮೆ ಕೇಳುತ್ತಿರಲಿಲ್ಲ, ತಲೆಯಾಡಿಸಿಬಿಡುತ್ತಿದ್ದರು. ಹೋದ ವರ್ಷ ಆಸ್ಪತ್ರೆಯಲ್ಲಿ ಅವಳ ಅಮ್ಮ, ಅಂದರೆ ಅವರ ಬೆನ್ನಿಗೆ ಬಿದ್ದ ತಂಗಿ, ಅಣ್ಣನನ್ನು ಹತ್ತಿರ ಕರೆದು ಏನೋ ಪಿಸುಗುಟ್ಟಿದ್ದಳು. ಮಾವ ತಲೆಯಾಡಿಸಿದ್ದರು. ಅದೇ ಸಂಜೆ ಅಮ್ಮ ಹೋದಳು. ಅಮ್ಮನ ಕೊನೆಯ ಮಾತು ಈ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ಆ ಸಿಟ್ಟು ಅವಳಿಗೆ ಇನ್ನೂ ಇಳಿದಿರಲಿಲ್ಲ.

ಕೆಂಪು ಗೀಟಿನ ಮೇಲೆ ಬಿಳಿ ಕಾಗದ ಅಂಟಿಸಿ ಅದೇ ಪ್ರಶ್ನೆಯನ್ನು ಮೊದಲಿಗಿಂತ ದಪ್ಪಕ್ಷರದಲ್ಲಿ ಬರೆದಳು.

"ಇದಕ್ಕೆ ಅನುಭವ ಹೇಳೋರು ಒಬ್ಬರು ಬೇಕು," ಎಂದರು ಮೇಡಂ. "ಇಲ್ಲದಿದ್ರೆ ಬರೀ ಉಪದೇಶ ಆಗುತ್ತೆ." ತಕರಾರು ಗಿರಾಕಿಗಳನ್ನೆಲ್ಲ ಕೇಳಿದಳು. ಹೆಸರು ಹಾಕಬಹುದು ಎಂದವರು ಒಬ್ಬರೂ ಸಿಗಲಿಲ್ಲ.

ಮಾವನಿಗೆ ಗೆದ್ದ ಖುಷಿ. "ನೋಡಿದ್ಯಾ? ಕಿತ್ತು ಹಾಕು ಅದನ್ನ. ಹಟ ಮಾಡಿದ್ರೆ ಬ್ಲಾಗೂ ಬೇಡ, ಮೇಡಮ್ಮೂ ಬೇಡ."

ಅವಳು ಪೆನ್ನು ತೆಗೆದು ಆ ಚೌಕದಲ್ಲಿ ಬರೆದಳು: 'ಮಾತಾಡುವವರು: ಮಾವ'.

"ಅಳಿಸು!"

"ಅಳಿಸಲ್ಲ. ನಿಲ್ಲಿಸೋದಾದ್ರೆ ಬ್ಲಾಗು ನಿಲ್ಲಿಸಿ, ನನ್ನನ್ನೂ ಮನೆಗೆ ಕಳಿಸಿ. ಚೌಕ ಮಾತ್ರ ಹೀಗೇ ಇರುತ್ತೆ." ಅವರ ಎದುರಿಗೇ ಬಂದು ನಿಂತು ಗಟ್ಟಿಯಾಗಿ ಕೇಳಿದಳು, "ಅಮ್ಮ ಅವತ್ತು ಏನಂದ್ಲು ಮಾವ?"

ಮಾವ ಈ ಸಲ ತಲೆಯಾಡಿಸಲಿಲ್ಲ. ಚೌಕವನ್ನು ಮುಟ್ಟದೆ ಹೊರಗೆ ಹೋದರು.

ಮೇಡಂ ಬರುವ ದಿನ ಮಾವ ಹಿಂದಿನ ಕೋಣೆಗೆ ಬಂದವರೇ ಕುರ್ಚಿ ಎಳೆದುಕೊಂಡು ಕೂತರು. "ಬರ್ಕೊಳ್ಳಿ," ಎಂದರು. "ನನ್ನ ತಂಗಿ ಕೊನೆಗೆ ನನಗೊಂದು ಮಾತು ಹೇಳಿದಳು. ನನಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು ಅನ್ನೋಕೆ ನಾಚಿಕೆಯಾಯ್ತು."

ಬಾಗಿಲಲ್ಲಿದ್ದ ತಕರಾರು ಕಣ್ಣೊರೆಸಿಕೊಳ್ಳಲಿಲ್ಲ. ಮಾವ ನೋಡಲಿ ಎಂದೇ ಹಾಗೇ ಬಿಟ್ಟಳು.

ಎಲ್ಲ ಮುಗಿಸಿ ಹೊರಬಂದ ಮಾವ, "ನನ್ನ ಹೆಸರು ಹಾಕ್ಬೇಡಿ," ಎಂದರು.

"ಹಾಕ್ತೀವಿ," ಎಂದಳು ಅವಳು ಮೆಲ್ಲಗೆ.

ಮಾವ ಹತ್ತಿರ ಬಂದು ಕಿವಿಗೆ ಕೈ ಅಡ್ಡ ಇಟ್ಟರು. "ಏನಂದೆ? ಇನ್ನೊಂದ್ಸಲ ಹೇಳು."