ಅಡ್ಡಗೆರೆ ಇಲ್ಲದ ಚಿತ್ರ

ಸಂಜೆ ಕಾಲೇಜಿನಲ್ಲಿ ಹೊಸಬರನ್ನು ಸೇರಿಸಿಕೊಳ್ಳುತ್ತಿದ್ದ ದಿನ. ಕಣ್ಣು ಪರೀಕ್ಷೆ, ಕನ್ನಡಕ ತಯಾರಿಕೆ ಕಲಿಸುವ ಡಿಪ್ಲೊಮಾ ತರಗತಿಗೆ ನಾನು ಬೆಳಕಿನ ಪಾಠ ಹೇಳುತ್ತಿದ್ದೆ. ಅರ್ಜಿ ನೋಡುವ ಕೆಲಸವೂ ಅಂದು ನನ್ನ ಪಾಲಿಗೆ ಬಂದಿತ್ತು. ನಲವತ್ತರ ಹತ್ತಿರದ ಹೆಂಗಸೊಬ್ಬಳು ಮೇಜಿನ ಮುಂದೆ ನಿಂತಳು. ಹೆಗಲಲ್ಲಿ ದೊಡ್ಡ ಚೀಲ, ಕೈಯಲ್ಲಿ ಊಟದ ಡಬ್ಬಿ.

"ಮಗಳು ಎಲ್ಲಿದ್ದಾಳಮ್ಮ? ಸಹಿ ಅವಳೇ ಹಾಕಬೇಕು" ಎಂದೆ.

"ಮಗಳು ಮನೇಲಿ ಹೋಂವರ್ಕ್ ಮಾಡ್ತಿದ್ದಾಳೆ ಸರ್. ಇಲ್ಲಿ ಸೇರೋಳು ನಾನು" ಎಂದಳು.

ಆ ದನಿ ಪಕ್ಕದ ಕೋಣೆಯ ಗುಮಾಸ್ತರಿಗೂ ಕೇಳಿಸಿತು. ಅವರು ಬಾಗಿಲಲ್ಲಿ ಇಣುಕಿ, ಯಾರು ಜಗಳವಾಡುತ್ತಿದ್ದಾರೆಂದು ನೋಡಿ ಹೋದರು. ಜಗಳವಲ್ಲ, ಆಕೆ ಮಾತಾಡುವುದೇ ಹಾಗೆ. ವಾರದೊಳಗೆ ತರಗತಿ ಅವಳಿಗೆ 'ಮೈಕು' ಎಂದು ಹೆಸರಿಟ್ಟಿತು. ಅವಳೂ ಕರೆದರೆ ಓಗೊಟ್ಟಳು.

ಹಗಲೆಲ್ಲ ಒಂದು ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸ. ಫ್ರೇಮು ತೋರಿಸುವುದು, ಒರೆಸುವುದು, ಗಿರಾಕಿಯ ಮೂಗಿಗೆ ಹೊಂದಿಸುವುದು. ಒಳಕೋಣೆಯಲ್ಲಿ ಕಣ್ಣು ಪರೀಕ್ಷೆ ಮಾಡುವ ಎತ್ತರದ ಕುರ್ಚಿಯೊಂದಿತ್ತು. ಅದರ ಪಕ್ಕ ನಿಂತು ಗಾಜು ಬದಲಿಸಲು ಡಿಪ್ಲೊಮಾ ಬೇಕು. ಆ ಕೆಲಸ ಮಾಡುತ್ತಿದ್ದವರು ವರ್ಷದ ಕೊನೆಗೆ ಬಿಡುವವರಿದ್ದರು. ಅಷ್ಟರೊಳಗೆ ತೇರ್ಗಡೆಯಾದರೆ ಜಾಗ ಇವಳದು, ಇಲ್ಲವಾದರೆ ಹೊರಗಿನವರನ್ನು ತರುತ್ತೇನೆ ಎಂದು ಮಾಲೀಕರು ಮೊದಲೇ ಹೇಳಿಬಿಟ್ಟಿದ್ದರು.

ಆದರೆ ವಾರ್ಷಿಕ ಪರೀಕ್ಷೆಗೆ ಕೂರಬೇಕಾದರೆ ಎರಡು ಕಿರುಪರೀಕ್ಷೆಗಳಲ್ಲಿ ಒಂದರಲ್ಲಾದರೂ ಪಾಸಾಗಬೇಕು. ಮೊದಲನೆಯದರಲ್ಲಿ ಅವಳು ಸ್ವಲ್ಪದರಲ್ಲಿ ಎಡವಿದ್ದಳು. ಎರಡನೆಯದು ಸೋಮವಾರಕ್ಕಿತ್ತು. ಅದರ ಹಿಂದಿನ ವಾರವೇ ಅವಳು ತರಗತಿಗೆ ಬರಲಿಲ್ಲ. ಅತ್ತೆಯ ಕಣ್ಣಿನ ಪೊರೆ ತೆಗೆಸಿದ್ದರು, ಗಳಿಗೆಗೊಮ್ಮೆ ಔಷಧಿಯ ಹನಿ ಬಿಡಬೇಕಾಗಿತ್ತು. ಕಣ್ಣಿನ ಪಾಠ ತಪ್ಪಿದ್ದು ಕಣ್ಣಿನ ದೆಸೆಯಿಂದಲೇ.

ನೋಟ್ಸಿಗಾಗಿ ಅವಳು ಮೊರೆಹೋದದ್ದು ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಯನ್ನು. ಅಕ್ಷರ ಮುದ್ರಿಸಿದ ಹಾಗಿದ್ದುದರಿಂದ ಆ ಹುಡುಗಿಯನ್ನು ಎಲ್ಲರೂ 'ಅಚ್ಚು' ಎನ್ನುತ್ತಿದ್ದರು. ಮೈಕು ಕಳಿಸಿದ ಧ್ವನಿ ಸಂದೇಶವನ್ನು ನಾನು ಆಮೇಲೆ ಕೇಳಿದೆ. ಹೇಗೆ ಕೇಳಿದೆ ಎಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಅವಳ ಮಾತು, ಅವಳ ಬಾಯಲ್ಲೇ:

"ಲೇ ಅಚ್ಚು, ನಾನು ಕಣೇ, ಅಕ್ಕ. ಟೈಪ್ ಮಾಡೋಕೆ ಕೈ ಖಾಲಿ ಇಲ್ಲ, ಅದಕ್ಕೇ ಮಾತಾಡ್ತಿದ್ದೀನಿ. ಮಂಗಳವಾರ, ಬುಧವಾರ ಎರಡು ದಿನದ್ದೂ ನೋಟ್ಸ್ ಬೇಕು. ಪ್ರಿಸಂ ಶುರು ಮಾಡಿದ್ರಂತೆ, ಹೌದಾ? ಒಂದ್ನಿಮಿಷ ಇರು... ಅತ್ತೆ, ಬಗ್ಗಬೇಡಿ, ಚಪ್ಪಲಿ ನಾನ್ ಕೊಡ್ತೀನಿ! ಹಾಂ, ಕೇಳು. ಫೋಟೋ ಕಿಟಕಿ ಹತ್ರ ಇಟ್ಟು ತೆಗಿ. ಹೋದ್ಸಲ ನಿನ್ ಕೈ ನೆರಳೇ ಅರ್ಧ ಪುಟ ತಿಂದಿತ್ತು. ಪುಟದ ಮೇಲೆ ಒಂದು ಎರಡು ಅಂತ ನಂಬರ್ ಹಾಕು, ಯಾವುದು ಮೊದಲು ಯಾವುದು ಆಮೇಲೆ ಅಂತ ನಾನು ಕಣ್ಣಾಮುಚ್ಚಾಲೆ ಆಡೋಕಾಗಲ್ಲ. ನನಗೊಬ್ಬಳಿಗೇ ಕಳ್ಸು, ಗ್ರೂಪಲ್ಲಿ ಹಾಕ್ಬೇಡ. ಅಲ್ಲಿ ಶುಭೋದಯದ ಗುಲಾಬಿ ಹೂವುಗಳ ಅಡೀಲಿ ಮುಚ್ಚಿಹೋಗುತ್ತೆ. ಮತ್ತೆ ಬೋರ್ಡ್ ಮೇಲಿಂದು ಮಾತ್ರ ಸಾಲದು ಕಣೇ, ಬಾಯಲ್ಲಿ ಹೇಳಿದ್ದೂ ಬೇಕು. ಮೇಷ್ಟ್ರು ಎರಡು ಸಲ ಕೆಮ್ಮಿ ಹೇಳ್ತಾರಲ್ಲ, ಉಹ್ಹು, ಉಹ್ಹು, ಅಂತ, ಅದೇ ಮುಖ್ಯವಾದ್ದು. ಎಲ್ಲೆಲ್ಲಿ ಕೆಮ್ಮಿದ್ರು ಅಲ್ಲೆಲ್ಲ ಗುರುತು ಹಾಕು. ಸೋಮವಾರ ಹೋದ್ರೆ ಹೋಯ್ತು ನೋಡು, ಈ ವರ್ಷ ಗೋತಾ. ನಿನಗೆ ಪುಣ್ಯ ಬರ್ಲಿ. ಇಡ್ತೀನಿ."

ಕಿಟಕಿಯ ಬೆಳಕಲ್ಲಿ ತೆಗೆದ ಫೋಟೋಗಳು ಸಂಜೆಯೊಳಗೆ ಹೋದವು. ಪುಟಗಳಿಗೆ ಸಂಖ್ಯೆ ಇತ್ತು, ಮೂಲೆ ಮಡಿಚಿರಲಿಲ್ಲ, ಕೈಯ ನೆರಳೂ ಇರಲಿಲ್ಲ. ತೊಡಕು ಬಂದದ್ದು ಚಿತ್ರದಲ್ಲಿ.

ನನ್ನದೊಂದು ಪದ್ಧತಿಯಿತ್ತು. ಹೊಸ ಚಿತ್ರ ಕಲಿಸುವಾಗ ಮೊದಲು ಬೇಕೆಂದೇ ತಪ್ಪಾಗಿ ಬರೆಯುತ್ತಿದ್ದೆ. ಬರೆದು ಸುಮ್ಮನೆ ನಿಲ್ಲುತ್ತಿದ್ದೆ. ಯಾರಾದರೂ "ಸರ್, ಅದು ಉಲ್ಟಾ!" ಎಂದು ಕೂಗಿದಾಗ, ತಪ್ಪು ಚಿತ್ರವನ್ನು ಅಳಿಸದೆ, ಎಡಕ್ಕೋ ಬಲಕ್ಕೋ ಜಾಗ ಇದ್ದ ಕಡೆ, ಸರಿಯಾದದ್ದನ್ನು ಬರೆಯುತ್ತಿದ್ದೆ. ಮುಂದಿದ್ದವರಿಗೆ ಅದು ನಗುವ ಹೊತ್ತು, ನಕ್ಕದ್ದು ಮನಸ್ಸಿನಲ್ಲಿ ನಿಲ್ಲುತ್ತಿತ್ತು.

ಅಚ್ಚುವಿಗೂ ಒಂದು ಪದ್ಧತಿಯಿತ್ತು. ಅವಳ ಪುಸ್ತಕದಲ್ಲಿ ಒಂದೇ ಒಂದು ಹೊಡೆದುಹಾಕಿದ ಗುರುತು ಇರಕೂಡದು. ಬೋರ್ಡಿನಲ್ಲಿ ಬಂದದ್ದೆಲ್ಲ ಪುಸ್ತಕಕ್ಕೆ, ಅದೂ ಸ್ಕೇಲು ಇಟ್ಟು. ಹೀಗಾಗಿ ಎರಡು ಪ್ರಿಸಮ್ಮುಗಳೂ ಅಕ್ಕಪಕ್ಕ ಅವಳಿ ಮಕ್ಕಳಂತೆ ಕೂತಿದ್ದವು. ಪ್ರಿಸಂ ಎಂದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇರುವ ಗಾಜಿನ ಬೆಣೆ. ಒಂದು ಚಿತ್ರದಲ್ಲಿ ಬೆಳಕಿನ ಗೆರೆ ದಪ್ಪ ಕಡೆಗೆ ಬಾಗಿತ್ತು, ಇನ್ನೊಂದರಲ್ಲಿ ತೆಳು ಕಡೆಗೆ. ಎರಡಕ್ಕೂ ಒಂದೇ ತಲೆಬರಹ.

ಶನಿವಾರ ಮಧ್ಯಾಹ್ನ ನಾನು ಅಧ್ಯಾಪಕರ ಕೋಣೆಯಲ್ಲಿ ಸೋಮವಾರದ ಪ್ರಶ್ನೆಪತ್ರಿಕೆಯನ್ನು ಕೊನೆಯ ಸಲ ಓದುತ್ತಿದ್ದೆ. ಅಚ್ಚು ಬಾಗಿಲಲ್ಲಿ ನಿಂತಳು. ನಾನು ಹಾಳೆ ಮಗುಚಿಟ್ಟೆ.

"ಸರ್, ಅಕ್ಕ ಒಂದು ಪ್ರಶ್ನೆ ಕೇಳಿದ್ದಾಳೆ. ನನಗೆ ಗೊತ್ತಾಗ್ತಿಲ್ಲ. ನೀವೇ ಕೇಳಿಬಿಡಿ."

ಫೋನಿನಲ್ಲಿ ಅವಳು ಒತ್ತಬೇಕಾದ್ದು ಎರಡನೆಯ ಸಂದೇಶವನ್ನು, ಗಡಿಬಿಡಿಯಲ್ಲಿ ಒತ್ತಿದ್ದು ಮೊದಲನೆಯದನ್ನು. ನನ್ನ ಕೆಮ್ಮು ಆ ಹೆಂಗಸಿನ ಗಂಟಲಲ್ಲಿ ಕೋಣೆ ತುಂಬ ಮೊಳಗಿತು. ಮೂಲೆಯಲ್ಲಿ ಗಣಿತದ ಮೇಷ್ಟ್ರು ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಂಡರು, ಪತ್ರಿಕೆ ಮಾತ್ರ ಗಡಗಡ ಅಲುಗುತ್ತಿತ್ತು. ಹುಡುಗಿಯ ಮುಖ ಬಿಳಿಚಿಕೊಂಡಿತು.

"ಚೆನ್ನಾಗಿ ಕೆಮ್ಮುತ್ತಾಳೆ. ಎರಡನೆಯದು ಹಾಕು" ಎಂದೆ.

"ಲೇ ಅಚ್ಚು, ಇದೇನೇ ಎರಡು ಚಿತ್ರ? ಒಂದರಲ್ಲಿ ಬೆಳಕು ದಪ್ಪ ಕಡೆಗೆ ಹೋಗುತ್ತೆ, ಒಂದರಲ್ಲಿ ತೆಳು ಕಡೆಗೆ. ಎರಡೂ ಸರಿ ಇರೋಕೆ ಬೆಳಕೇನು ನಮ್ಮನೆಯವರಾ, ಬೇಕಾದ ಕಡೆ ವಾಲೋಕೆ? ಮೇಷ್ಟ್ರು ತಪ್ಪು ಚಿತ್ರ ಒಂದು ಬರೀತಾರಲ್ಲ, ಅದು ಯಾವುದು ಇದರಲ್ಲಿ? ಒಂದು ಅಡ್ಡಗೆರೆ ಎಳೆದಿದ್ರೆ ನಿನ್ನ ಗಂಟೇನೇ ಹೋಗ್ತಿತ್ತು? ಕಣ್ಣಿಗೆ ಏನು ಕಾಣುತ್ತೆ ಅಂತ ಹೇಳಿರ್ತಾರಲ್ಲ, ಅದೂ ಬರೆದಿಲ್ಲ ನೀನು. ಕೇಳಿ ಹೇಳೇ ತಾಯಿ."

"ಯಾವುದು ತಪ್ಪು?" ಎಂದು ಅಚ್ಚುವನ್ನು ಕೇಳಿದೆ.

"ನೆನಪಿಲ್ಲ ಸರ್. ಎಲ್ಲರೂ ನಕ್ಕಿದ್ದು ನೆನಪಿದೆ. ನಾನು ಎರಡನೇ ಬಣ್ಣದ ಪೆನ್ಸಿಲ್ ಹುಡುಕ್ತಿದ್ದೆ."

ಉತ್ತರ ಒಂದೇ ಮಾತಿನದು. ಆದರೆ ಮಗುಚಿಟ್ಟ ಹಾಳೆಯಲ್ಲಿ ಅದೇ ಪ್ರಿಸಮ್ಮಿನ ಪ್ರಶ್ನೆ ಇತ್ತು. ಒಬ್ಬಳ ಕಿವಿಗೆ ಮಾತ್ರ ಹೇಳುವುದು ನ್ಯಾಯವಲ್ಲ. ಹೇಳದಿದ್ದರೆ, ಸೊಸೆಯಾಗಿ ಮಾಡಿದ ಕೆಲಸಕ್ಕೆ ಆಕೆ ಒಂದು ವರ್ಷ ತೆರಬೇಕು. ಕೊನೆಗೆ, ಪಾಠವನ್ನು ಇಡೀ ತರಗತಿಗೇ ಇನ್ನೊಮ್ಮೆ ಹೇಳಿದರೆ ಯಾರೂ ಆಡಿಕೊಳ್ಳುವಂತಿಲ್ಲ ಎನ್ನಿಸಿತು.

"ನಿಮ್ಮ ಗ್ರೂಪಿಗೆ ಇದರಲ್ಲಿ ಮಾತಾಡುವುದು ಹೇಗೆ, ತೋರಿಸು."

"ಇದನ್ನ ಒತ್ತಿ ಹಿಡ್ಕೊಳ್ಳಿ ಸರ್. ಮಾತು ಮುಗಿಯೋವರೆಗೂ ಬೆರಳು ಎತ್ತಬೇಡಿ."

ಒತ್ತಿ ಹಿಡಿದೆ. ಗಂಟಲು ಸರಿಮಾಡಿಕೊಂಡೆ. ಬೆರಳು ಜಾರಿತು. ಎರಡು ಕೆಮ್ಮು ಮಾತ್ರ ಇಡೀ ತರಗತಿಗೆ ಹೋಯಿತು. ಕೂಡಲೇ ಯಾರೋ ಬರೆದರು: "ಸರ್, ಮುಖ್ಯವಾದದ್ದು ಅಂತ ಗೊತ್ತಾಯ್ತು. ಏನದು?" ಗಣಿತದ ಮೇಷ್ಟ್ರು ಪತ್ರಿಕೆ ಕೆಳಗಿಟ್ಟು ಎದ್ದು ಹೊರಗೆ ಹೋಗಿಬಿಟ್ಟರು.

ಎರಡನೆಯ ಸಲ ಗಟ್ಟಿಯಾಗಿ ಹಿಡಿದು ಹೇಳಿದೆ: "ಯಾವ ಚಿತ್ರ ಸರಿ ಎಂದು ಸಂದೇಹ ಇರುವವರು ಪ್ರಿಸಮ್ಮನ್ನೇ ಕೇಳಿ. ಅದರ ದಪ್ಪ ಅಂಚನ್ನು ಕೆಳಗೆ ಮಾಡಿ, ಕಿಟಕಿಯ ಅಡ್ಡಪಟ್ಟಿಯನ್ನು ಅದರ ಮೂಲಕ ನೋಡಿ. ಪಟ್ಟಿ ಯಾವ ಕಡೆಗೆ ಜಿಗಿಯುತ್ತದೆ, ನೋಡಿಕೊಳ್ಳಿ. ಆದರೆ ಮೋಸಹೋಗಬೇಡಿ. ಗಾಜಿನೊಳಗೆ ಬೆಳಕು ಬಾಗಿದ್ದು ಕಣ್ಣಿಗೆ ತಿಳಿಯದು. ಗೆರೆ ಕೊನೆಗೆ ಯಾವ ದಿಕ್ಕಿನಿಂದ ಬಂತೋ, ಆ ದಿಕ್ಕಿನಲ್ಲೇ ಕಣ್ಣು ನೇರವಾಗಿ ಹಿಂದಕ್ಕೆ ನೋಡುತ್ತದೆ. ಆ ಹಿಂದಿನ ಗೆರೆಯನ್ನು ಚುಕ್ಕಿ ಚುಕ್ಕಿಯಾಗಿ ಎಳೆದು ನೋಡಿ."

ಬುಧವಾರ ತರಗತಿಯಲ್ಲಿ ಹೇಳಿದ್ದೂ ಇದನ್ನೇ. ಬೋರ್ಡಿನಲ್ಲಿ ಬರೆಯದಿದ್ದುದರಿಂದ ಅದು ಯಾವ ಫೋಟೋದಲ್ಲೂ ಇರಲಿಲ್ಲ.

ಭಾನುವಾರ ಅಂಗಡಿಯಲ್ಲಿ ನಡೆದದ್ದನ್ನು ಅವಳೇ ಆಮೇಲೆ ಹೇಳಿದಳು. ಕಣ್ಣು ಪರೀಕ್ಷೆಯ ಗಾಜುಗಳ ಪೆಟ್ಟಿಗೆಯಲ್ಲಿ ಸಣ್ಣ ಪ್ರಿಸಮ್ಮುಗಳೂ ಇರುತ್ತವೆ. ಅದಕ್ಕೆ ಕೈ ಹಾಕಿದ್ದನ್ನು ಮಾಲೀಕರು ನೋಡಿದರು.

"ಅದನ್ನ ಮುಟ್ಟೋಕೆ ಡಿಪ್ಲೊಮಾ ಬೇಕಮ್ಮ."

"ಡಿಪ್ಲೊಮಾ ಬರೋಕೆ ಅದನ್ನ ಮುಟ್ಟಬೇಕು ಸಾರ್. ಯಾವುದು ಮೊದಲು, ನೀವೇ ಹೇಳಿ."

ಮಾಲೀಕರು ನಕ್ಕು, ಅಂಚು ಹಿಡಿದು ಎತ್ತು, ಬೆರಳ ಗುರುತು ಬೀಳಬಾರದು ಎಂದಷ್ಟೇ ಹೇಳಿದರು. ದಪ್ಪ ಅಂಚು ಕೆಳಗೆ ಮಾಡಿ ನೋಡಿದರೆ, ಎದುರು ಮಹಡಿಯ ಕಿಟಕಿಯ ಪಟ್ಟಿ ಮೇಲಕ್ಕೆ, ತೆಳು ಕಡೆಗೆ, ಜಿಗಿದಿತ್ತು. ಹಾಗಾದರೆ ಬೆಳಕೂ ತೆಳು ಕಡೆಗೇ ಬಾಗುತ್ತದೆ ಎಂದುಕೊಂಡು ಪ್ರಿಸಂ ಪೆಟ್ಟಿಗೆಗೆ ಹಾಕಿಯೂಬಿಟ್ಟಳಂತೆ. ಆಗ 'ಮೋಸಹೋಗಬೇಡಿ' ಎಂದದ್ದು ನೆನಪಾಯಿತು. ಹಳೆಯ ಬಿಲ್ಲಿನ ಹಿಂಬದಿಯಲ್ಲಿ ಎರಡೂ ಚಿತ್ರ ಬರೆದು, ಕಣ್ಣಿನಿಂದ ಹಿಂದಕ್ಕೆ ಚುಕ್ಕಿಗೆರೆ ಎಳೆದಳು. ದಪ್ಪ ಕಡೆಗೆ ಬಾಗಿದ ಚಿತ್ರದಲ್ಲಿ ಮಾತ್ರ ಚುಕ್ಕಿಗೆರೆ ಮೇಲಕ್ಕೆ ಹೋಯಿತು. ಬೆಳಕು ಕೆಳಗೆ ಬಾಗಿದ್ದರಿಂದಲೇ ಪಟ್ಟಿ ಮೇಲೆ ಕಂಡಿತ್ತು!

"ಅಂಗಡೀಲಿ ಕೂಗೇಬಿಟ್ಟೆ ಸರ್. ಕನ್ನಡಿ ಮುಂದೆ ಫ್ರೇಮ್ ಹಾಕ್ಕೊಂಡಿದ್ದ ಒಬ್ರು ಹೆದರಿ ಅದನ್ನೇ ಕೊಂಡ್ಕೊಂಡ್ರು."

ಸೋಮವಾರದ ಅವಳ ಉತ್ತರಪತ್ರಿಕೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸರಿಯಾದ ಚಿತ್ರ, ಚುಕ್ಕಿಗೆರೆ ಸಮೇತ. ಅದರ ಪಕ್ಕದಲ್ಲಿ, ಯಾರೂ ಕೇಳದಿದ್ದರೂ, ತಪ್ಪು ಚಿತ್ರ. ಅದರ ಮೇಲೆ ಮೂಲೆಯಿಂದ ಮೂಲೆಗೆ ದಪ್ಪನೆಯ ಅಡ್ಡಗೆರೆ, ಕೆಳಗೆ ಒಂದು ಸಾಲು: 'ಇದು ತಪ್ಪು. ಪಟ್ಟಿ ಕೆಳಗೆ ಕಾಣಬೇಕಾಗುತ್ತಿತ್ತು, ಕಾಣಲಿಲ್ಲ.' ಉಳಿದ ಉತ್ತರಗಳು ಅಷ್ಟಕ್ಕಷ್ಟೇ. ಆದರೂ ಪಾಸಾದಳು, ವಾರ್ಷಿಕ ಪರೀಕ್ಷೆಗೆ ಕೂತಳು, ಅದನ್ನೂ ದಾಟಿದಳು. ಅಚ್ಚು ಆ ವಾರದಿಂದ ತಪ್ಪು ಚಿತ್ರಗಳಿಗೆ ಅಡ್ಡಗೆರೆ ಹಾಕತೊಡಗಿದಳು, ಅದನ್ನೂ ಸ್ಕೇಲಿಟ್ಟು.

ನಾನು ನಿವೃತ್ತನಾಗಿ ಬಹಳ ಕಾಲವಾಯಿತು. ಬೋರ್ಡಿನ ಮುಂದೆ ತಪ್ಪು ಬರೆದು ಕಾಯುವ ಆ ಗಳಿಗೆ, ಹಿಂದಿನ ಬೆಂಚಿನಿಂದ ಬರುತ್ತಿದ್ದ ಆ ಕೂಗು, ಈಗಲೂ ಸಂಜೆಯ ಹೊತ್ತು ಕಿವಿಯಲ್ಲಿ ಸುಳಿಯುತ್ತವೆ. ಮೊನ್ನೆ ಕನ್ನಡಕ ಬದಲಿಸಲು ಆ ಅಂಗಡಿಗೇ ಹೋದೆ. ಎತ್ತರದ ಕುರ್ಚಿಯಲ್ಲಿ ನಾನು, ಪಕ್ಕದಲ್ಲಿ ಗಾಜು ಹಿಡಿದು ಅವಳು. ಕೂದಲು ನರೆತಿದೆ, ದನಿ ನರೆತಿಲ್ಲ.

"ಕೆಮ್ಮಬೇಡಿ ಸರ್, ತಲೆ ಅಲುಗುತ್ತೆ. ಈಗ ಹೇಳಿ, ಇದರಲ್ಲಿ ಚೆನ್ನಾಗಿ ಕಾಣುತ್ತಾ, ಇದರಲ್ಲಾ?"

ನನ್ನ ಕೆಲಸ ಮುಗಿಯುವಷ್ಟರಲ್ಲಿ ಅವಳ ಫೋನು ಸದ್ದು ಮಾಡಿತು. ಸಂಜೆ ಕಾಲೇಜಿನಲ್ಲಿ ಈಗ ಓದುತ್ತಿರುವ ಯಾರದೋ ದನಿ: "ಅಕ್ಕಾ, ನಿನ್ನೆ ಕ್ಲಾಸ್ ತಪ್ಪಿಹೋಯ್ತು..." ಪಾಠ ತಪ್ಪಿದವರು ಈಗ ಫೋಟೋಗಳ ಜೊತೆಗೆ ತಮ್ಮ ಸಂದೇಹಗಳನ್ನೂ ಅವಳಿಗೆ ಕಳಿಸುತ್ತಾರಂತೆ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಅವಳು ಉತ್ತರ ಹೇಳುತ್ತಾಳೆ. ನನ್ನ ಹೊಸ ಕನ್ನಡಕವನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತ, ಫೋನನ್ನು ಗಾಜುಗಳ ಪೆಟ್ಟಿಗೆಗೆ ಒರಗಿಸಿ, ಅವಳು ಎರಡು ಸಲ ಕೆಮ್ಮಿದಳು.

"ಕೇಳು ಮಗಾ. ಮೊದಲು ಆ ಪುಟದಲ್ಲಿ ತಪ್ಪು ಚಿತ್ರ ಯಾವುದು ಅಂತ ಹುಡುಕೋಣ."