ಅತ್ತೆ ಬಿಟ್ಟುಹೋದ ಸಾಲು

ಕಣ್ಣಿನ ಆಪರೇಷನ್‌ಗೆಂದು ಅತ್ತೆ ಅರ್ಧಕ್ಕೆ ಬಿಟ್ಟ ಸ್ವೆಟರನ್ನು ಮಗರಪಟ್ಟಾ ಬಡಾವಣೆಯ ನಮ್ಮ ಮನೆಯಲ್ಲಿ ನಾನೇ ಮುಂದುವರಿಸಿದೆ. ಒಂದು ಸಾಲು ಹೆಣೆಯುವಷ್ಟರಲ್ಲಿ ಅವರ ಕುಣಿಕೆಗಳೆಲ್ಲ ಬುಡದಲ್ಲಿ ತಿರುಚಿಕೊಂಡವು. ಅವರು ಮನೆಗೆ ಬರುತ್ತಲೇ ರೇಗಿದೆ: "ಹಿಂಬದಿಯಿಂದ ಹೆಣಿಯೋ ಉಲ್ಟಾ ಸಾಲಿನ್ಯಾಗ ದಾರ ತಪ್ಪು ಸುತ್ತೀರಿ, ಅತ್ತಿ!"

ಅವರು ಕಡ್ಡಿ ಕಸಿದುಕೊಂಡು ನನ್ನ ಸಾಲನ್ನು ಒಂದೊಂದೇ ಕುಣಿಕೆಯಾಗಿ ಬಿಚ್ಚಿದರು. ಕಡ್ಡಿಯ ಎರಡೂ ಬದಿಗೆ ಇಳಿಬಿದ್ದ ಎಳೆಗಳೇ ಕುಣಿಕೆಯ ಕಾಲುಗಳು; ಅವರ ಪ್ರತಿ ಕುಣಿಕೆಯ ಬಲಗಾಲೂ ಕಡ್ಡಿಯ ಹಿಂದಿತ್ತು. ಆ ಹಿಂದಿನ ಕಾಲಿಗೇ ಕಡ್ಡಿ ತೂರಿಸಿ ಹೆಣೆದರು. ಕುಣಿಕೆ ತಿರುಚದೆ ನೆಟ್ಟಗೆ ನಿಂತಿತು.

"ನಾ ಯಾವತ್ತೂ ಹಿಂಗ ಸುತ್ತಿ, ಹಿಂದಿನ ಕಾಲಿಗೇ ಹೆಣೀತೀನಿ. ನೋಡದs ಮುಂದಿನ ಕಾಲಿಗೆ ಚುಚ್ಚಿದಾಕಿ ನೀನು!"

ಸಿಟ್ಟಿನಲ್ಲಿ ನನ್ನ ಮೈಮೇಲಿದ್ದ ಸ್ವೆಟರನ್ನೇ ಎಳೆದೆಳೆದು ನೋಡಿದೆ. ಅವರು ಹೆಣೆದದ್ದು. ಒಂದು ಕುಣಿಕೆಯೂ ತಿರುಚಿರಲಿಲ್ಲ.